ಬಝರ್ ಒತ್ತಬೇಕಾದ್ದು ಯಾವ ಪದಕ್ಕೆ?

ಪ್ರಶ್ನೆ: ಮಾಷ್ಟ್ರೇ, ನಾನು ಬದಿಯಡ್ಕ ಕಡೆಯವಳು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ರಸಪ್ರಶ್ನೆಗೆ ನಾನು, ನನ್ನ ಗೆಳತಿ ಒಂದು ತಂಡ. ಉಪಜಿಲ್ಲಾ ಸ್ಪರ್ಧೆಯ ಬಝರ್ ಸುತ್ತಿನಲ್ಲಿ 10 ಪ್ರಶ್ನೆ ಇತ್ತು. 7ಕ್ಕೆ ನಮಗೆ ಉತ್ತರ ಗೊತ್ತಿತ್ತು. ಸಿಕ್ಕಿದ್ದು ಒಂದೇ. ಉಳಿದದ್ದನ್ನು ಬೇರೆಯವರು ಮೊದಲೇ ಒತ್ತಿದರು. ಮುಂದಿನ ಸ್ಪರ್ಧೆಯಲ್ಲಿ ನಾವೂ ಬೇಗ ಬೇಗ ಒತ್ತಿದೆವು. 6 ಸಲ ಒತ್ತಿದ್ದರಲ್ಲಿ 4 ತಪ್ಪು. ಸರಿಗೆ 10 ಅಂಕ, ತಪ್ಪಿಗೆ 5 ಕಡಿತ, ತಪ್ಪಿದ ಪ್ರಶ್ನೆ ಬೇರೆ ತಂಡಕ್ಕೆ. ಪ್ರಶ್ನೆ ಪೂರ್ತಿ ಕೇಳಿ ಒತ್ತಿ ಅಂತ ಟೀಚರ್ ಹೇಳುತ್ತಾರೆ. ಮೊದಲು ಒತ್ತು, ಆಮೇಲೆ ಯೋಚಿಸು ಅಂತ ಅಣ್ಣ ಹೇಳುತ್ತಾನೆ. ನನ್ನ ಬೆರಳೇ ನಿಧಾನವೋ ಏನೋ. ಕೆಲವು ಕಡೆ ಪ್ರಶ್ನೆಯನ್ನು ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ ಓದುತ್ತಾರೆ. ಯಾವಾಗ ಒತ್ತಬೇಕು?

ಉತ್ತರ: ಬೆರಳಿನ ಸಂಶಯವನ್ನು ಮೊದಲು ಬಿಟ್ಟುಬಿಡಿ. ಒಂದು ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಲು ಹೆಚ್ಚಿನವರಿಗೆ ಸುಮಾರು 0.2 ಸೆಕೆಂಡು ಬೇಕು. ಒಬ್ಬರಿಗೆ ಸ್ವಲ್ಪ ಕಡಿಮೆ, ಇನ್ನೊಬ್ಬರಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ನಾನು ಪ್ರಶ್ನೆ ಓದುವುದು ಸೆಕೆಂಡಿಗೆ ಸುಮಾರು ಎರಡು ಪದ. ಅಂದರೆ ಒಂದು ಪದಕ್ಕೆ ಅರ್ಧ ಸೆಕೆಂಡು. ಎದುರಿನ ತಂಡ ನಿಮಗಿಂತ ಒಂದೇ ಒಂದು ಪದ ಮೊದಲು ತೀರ್ಮಾನ ಮಾಡಿದರೆ ಸಾಕು. ನಿಮ್ಮ ಬೆರಳು ಮಿಂಚಿನ ಹಾಗಿದ್ದರೂ ಅವರನ್ನು ಹಿಡಿಯಲಿಕ್ಕೆ ಆಗುವುದಿಲ್ಲ.

ಬೆರಳು ನಿಜವಾಗಿ ಲೆಕ್ಕಕ್ಕೆ ಬರುವುದು ಒಂದೇ ಬಗೆಯ ಸುತ್ತಿನಲ್ಲಿ. ಪ್ರಶ್ನೆ ಪೂರ್ತಿ ಓದಿ ಮುಗಿಯುವ ತನಕ ಬಝರ್ ಕೆಲಸವೇ ಮಾಡದ ಸುತ್ತು ಅದು. ಅಮೆರಿಕದ ‘ಜೆಪರ್ಡಿ’ ಎಂಬ ಟಿವಿ ಸ್ಪರ್ಧೆಯಲ್ಲಿ 1985ರಿಂದ ಹೀಗೇ ಇದೆ. ಓದಿ ಮುಗಿಯುವ ಮೊದಲು ಒತ್ತಿದವರ ಗುಂಡಿ ಕಾಲು ಸೆಕೆಂಡು ಸತ್ತುಹೋಗುತ್ತದೆ. ನಮ್ಮ ಕಡೆಯ ಶಾಲೆ, ಗ್ರಂಥಾಲಯ, ಕ್ಲಬ್ಬುಗಳ ರಸಪ್ರಶ್ನೆಯಲ್ಲಿ ಅಂಥ ಯಂತ್ರ ಕಡಿಮೆ. ಇಲ್ಲಿ ನಡುವೆಯೇ ಒತ್ತಬಹುದು. ಒತ್ತಿದಲ್ಲಿಗೆ ಓದು ನಿಲ್ಲುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಇರುವುದು ಬೆರಳಿನ ವಿಷಯ ಅಲ್ಲ, ಕಿವಿಯ ವಿಷಯ. ವಾಕ್ಯ ಎಲ್ಲಿ ತಿರುಗುತ್ತದೆ ಅಂತ ಕಿವಿಗೆ ಗೊತ್ತಾಗಬೇಕು.

ಇಲ್ಲಿ ಕನ್ನಡಕ್ಕೇ ಸೇರಿದ ಒಂದು ಸಂಗತಿ ಇದೆ. ಇಂಗ್ಲಿಷಿನಲ್ಲಿ ಯಾರು, ಯಾವುದು, ಎಷ್ಟು ಎಂಬ ಪದ ಸಾಮಾನ್ಯವಾಗಿ ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ. ಏನು ಕೇಳುತ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ, ಯಾವುದರ ಬಗ್ಗೆ ಅನ್ನುವುದು ನಿಧಾನವಾಗಿ ತಿಳಿಯುತ್ತದೆ. ಕನ್ನಡದಲ್ಲಿ ಉಲ್ಟಾ. ಯಾವುದರ ಬಗ್ಗೆ ಅನ್ನುವುದು ಮೊದಲು ಬರುತ್ತದೆ. ಏನು ಕೇಳುತ್ತಿದ್ದಾರೆ ಅನ್ನುವುದು ಬಾಲದಲ್ಲಿ ಇರುತ್ತದೆ. ಇಂಗ್ಲಿಷ್ ಟಿವಿ ಸ್ಪರ್ಧೆ ನೋಡಿ ‘ವಿಷಯ ಗೊತ್ತಾದ ಕೂಡಲೇ ಒತ್ತು’ ಎಂಬ ಪಾಠ ಕಲಿತವರು ಕನ್ನಡ ಪ್ರಶ್ನೆಯಲ್ಲಿ ಮುಗ್ಗರಿಸುವುದು ಇದಕ್ಕೇ. ನಿಮ್ಮ ನಾಲ್ಕು ತಪ್ಪುಗಳಲ್ಲಿ ಎರಡು ಮೂರಾದರೂ ಇದೇ ಜಾತಿಯವು ಅಂತ ನನ್ನ ಊಹೆ. ಗೊತ್ತಿಲ್ಲದ್ದಕ್ಕೆ ತಪ್ಪಾದದ್ದಲ್ಲ, ಕೇಳದೇ ಇದ್ದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟದ್ದು.

ನಮ್ಮ ಜಿಲ್ಲೆಯದ್ದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ನಾನು ಹಲವು ಸಲ ಕೇಳಿದ್ದೇನೆ. ಪ್ರತಿ ಸಲ ಯಾರಾದರೊಬ್ಬರು ಬಿದ್ದಿದ್ದಾರೆ.

‘1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದು ಸಾರಿದ ಪ್ರಕರಣಕ್ಕೆ ತಮ್ಮ ಹೆಸರು ಕೊಟ್ಟ ಸ್ವಾಮೀಜಿ ಕಾಸರಗೋಡಿನ ಯಾವ ಮಠದ ಪೀಠಾಧಿಪತಿಯಾಗಿದ್ದರು?’

24 ಪದ. ಓದಲು ಸುಮಾರು 12 ಸೆಕೆಂಡು. ಚೆನ್ನಾಗಿ ಓದಿಕೊಂಡ ಮಗುವಿಗೆ ಐದನೇ ಪದಕ್ಕೇ, ಅಂದರೆ ‘13 ನ್ಯಾಯಮೂರ್ತಿಗಳ’ ಅಂದಾಗಲೇ ತಲೆಯಲ್ಲಿ ದೀಪ ಹತ್ತುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಅಷ್ಟು ದೊಡ್ಡ ಪೀಠ ಕೂತದ್ದು ಆ ಒಂದೇ ಪ್ರಕರಣಕ್ಕೆ. ‘ಮೂಲ ರಚನೆಯನ್ನು’ ಅನ್ನುವ ಹೊತ್ತಿಗೆ ಸಾಧಾರಣವಾಗಿ ಓದಿದವರಿಗೂ ಗೊತ್ತಾಗುತ್ತದೆ. ಅದು ಹನ್ನೊಂದನೇ ಪದ. ಅಲ್ಲೇ ಟಕ್ ಅಂತ ಒತ್ತಿ ‘ಕೇಶವಾನಂದ ಭಾರತಿ’ ಅನ್ನುತ್ತಾರೆ. ತಪ್ಪು. ಐದು ಅಂಕ ಹೋಯಿತು. ಪಕ್ಕದ ತಂಡ ಬಾಕಿ ಅರ್ಧ ಆರಾಮವಾಗಿ ಕೇಳಿಸಿಕೊಂಡು ‘ಎಡನೀರು’ ಅಂತ ಹೇಳಿ 10 ಎತ್ತಿಕೊಂಡು ಹೋಗುತ್ತದೆ.

ಹಾಗಾದರೆ ಕೊನೆಯ ತನಕ ಕಾಯಬೇಕಾ? ಬೇಡ. ಹದಿನಾರನೇ ಪದ ನೋಡಿ: ‘ಪ್ರಕರಣಕ್ಕೆ’. ಇದು ‘ಪ್ರಕರಣ ಯಾವುದು’ ಅಂತ ಮುಗಿಯುವ ಪ್ರಶ್ನೆ ಆಗಿದ್ದರೆ ‘ಪ್ರಕರಣ’ ಅಂತ ಬರಿಯ ಹೆಸರು ಬರುತ್ತಿತ್ತು. ‘ಕ್ಕೆ’ ಹತ್ತಿಕೊಂಡಿದೆ. ಅಂದರೆ ಪ್ರಶ್ನೆ ಪ್ರಕರಣವನ್ನು ದಾಟಿ ಮುಂದಕ್ಕೆ ಹೋಗುತ್ತಿದೆ. ಒತ್ತಬೇಡಿ, ಆದರೆ ತಯಾರಾಗಿ. ಇಪ್ಪತ್ತನೇ ಪದ ‘ಸ್ವಾಮೀಜಿ’. ಇಲ್ಲಿ ವಿಭಕ್ತಿ ಇಲ್ಲ, ಬರಿಯ ಹೆಸರು. ‘ಯಾರು’ ಅಂತ ಇಲ್ಲಿಗೇ ಮುಗಿಯಬಹುದು, ಮುಂದೆಯೂ ಹೋಗಬಹುದು. ಇದೊಂದು ಕವಲು ದಾರಿ. ಇಲ್ಲಿ ಒತ್ತಿದರೆ ಅದೃಷ್ಟದ ಆಟ. ಇಪ್ಪತ್ತೊಂದನೇ ಪದ ‘ಕಾಸರಗೋಡಿನ’. ಮುಗಿಯಿತು. ‘ಯಾರು’ ಬರಲಿಲ್ಲ, ಕಾಸರಗೋಡಿನಲ್ಲಿ ಇರುವ ಏನೋ ಒಂದನ್ನು ಕೇಳುತ್ತಿದ್ದಾರೆ. ಸ್ವಾಮೀಜಿಗೆ ಸಂಬಂಧಪಟ್ಟು ಕಾಸರಗೋಡಿನಲ್ಲಿ ಇರುವುದು ಎಡನೀರು ಮಠ. ಒತ್ತಬೇಕಾದ್ದು ಇಲ್ಲಿ.

ಇನ್ನೂ ಮೂರು ಪದ ಬಾಕಿ ಇರುವಾಗ ನೀವು ಒತ್ತಿದಿರಿ. ಪೂರ್ತಿ ಕೇಳಿ ಒತ್ತುವವರಿಗಿಂತ ಒಂದೂವರೆ ಸೆಕೆಂಡು ಮುಂದೆ. ಬಝರ್ ಸುತ್ತಿನಲ್ಲಿ ಅದು ದೊಡ್ಡ ಅಂತರ. ಹನ್ನೊಂದನೇ ಪದಕ್ಕೆ ಹಾರಿದವರ ಹಾಗೆ ಬೀಳಲೂ ಇಲ್ಲ.

ಕಿವಿಗೆ ಕಲಿಸಬೇಕಾದ್ದು ಇದನ್ನೇ. ಗೊತ್ತಿರುವ ಹೆಸರಿಗೆ ‘ಅ’, ‘ದ’, ‘ಯ’, ‘ಗೆ’, ‘ಕ್ಕೆ’, ‘ಅನ್ನು’, ‘ಅಲ್ಲಿ’ ಏನಾದರೂ ಅಂಟಿದ್ದರೆ ಅದು ಉತ್ತರ ಅಲ್ಲ, ಉತ್ತರದ ದಾರಿಯಲ್ಲಿ ಸಿಗುವ ಬಸ್ ಸ್ಟಾಪು. ‘ಗೋವಿಂದ ಪೈಯವರ’ ಅಂದರೆ ಅವರದ್ದೇನನ್ನೋ ಕೇಳುತ್ತಾರೆ. ಅದೇ ‘ಹುಟ್ಟಿದ’, ‘ಕಟ್ಟಿಸಿದ’, ‘ಬರೆದ’, ‘ಪಡೆದ’ ಎಂದು ವಿವರಣೆ ಮಾತ್ರ ಸಾಲಾಗಿ ಬರುತ್ತಾ ಇದ್ದು, ಯಾರ ಹೆಸರೂ ಬಾಯಿಗೆ ಬಂದಿಲ್ಲ ಅಂದರೆ, ಆ ಹೆಸರೇ ಉತ್ತರವಾಗಿರುವ ಸಾಧ್ಯತೆ ಜಾಸ್ತಿ. ಅಂಥ ಪ್ರಶ್ನೆಯಲ್ಲಿ ಧೈರ್ಯವಾಗಿ ಬೇಗ ಒತ್ತಬಹುದು. ಎಡನೀರಿನ ಪ್ರಶ್ನೆಯೂ ಮೊದಲರ್ಧ ಹೀಗೇ ಕಾಣುತ್ತದೆ ಅನ್ನುವುದೇ ಅದರ ಕಳ್ಳತನ. ಆ ‘ಕ್ಕೆ’ ಒಂದೇ ಅದನ್ನು ಹಿಡಿದುಕೊಡುವುದು.

ವಿವರಣೆ ಸಾಲಾಗಿ ಬಂದರೂ ಎರಡು ಕಡೆ ಕಾಲು ಜಾರುತ್ತದೆ. ಒಂದು, ಪಟ್ಟಿಯ ಪ್ರಶ್ನೆ. ‘ರಾಷ್ಟ್ರಕವಿ ಗೌರವ ಪಡೆದ ಮೂವರು ಕನ್ನಡ ಕವಿಗಳಲ್ಲಿ ಮೊದಲನೆಯವರು’ ಅಂತ ಓದು ಶುರುವಾಯಿತು ಅಂದುಕೊಳ್ಳಿ. ಮಂಜೇಶ್ವರದ ಹತ್ತಿರದ ಮಕ್ಕಳ ಕೈ ತಾನಾಗಿ ಬಝರ್ ಮೇಲೆ ಬೀಳುತ್ತದೆ, ಅದು ಊರ ಅಭಿಮಾನ. ಪ್ರಶ್ನೆ ಮುಂದುವರಿಯುವುದು ಹೀಗೆ: ‘ಮೊದಲನೆಯವರು ಮಂಜೇಶ್ವರ ಗೋವಿಂದ ಪೈ, ಮೂರನೆಯವರು ಜಿ.ಎಸ್. ಶಿವರುದ್ರಪ್ಪ. ಎರಡನೆಯವರು ಯಾರು?’ ಕುವೆಂಪು. ಪ್ರಶ್ನೆ ಹೆಣೆಯುವವರಿಗೆ ಇದು ತುಂಬ ಇಷ್ಟದ ಉಪಾಯ, ನನಗೂ. ‘ಇವುಗಳಲ್ಲಿ’, ‘ಇವರಲ್ಲಿ’, ‘ಬಿಟ್ಟು’, ‘ಆದರೆ’, ‘ಮೊದಲನೆಯದು’ ಎಂಬ ಪದ ಕಿವಿಗೆ ಬಿದ್ದರೆ ಬೆರಳನ್ನು ಎರಡು ಪದ ಹಿಡಿದಿಟ್ಟುಕೊಳ್ಳಿ.

ಇನ್ನೊಂದು, ನಾನೇ ಬಿದ್ದ ಗುಂಡಿ. ಕಾಲೇಜಿನಲ್ಲಿದ್ದಾಗ ಒಂದು ಫೈನಲ್. ‘ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ಕಾಸರಗೋಡು ಜಿಲ್ಲೆಯ ಕೋಟೆ’ ಅಂತ ಬಂದದ್ದೇ ತಡ, ಒತ್ತಿ ‘ಬೇಕಲ್’ ಅಂದೆ. ಪ್ರಶ್ನೆಯ ಬಾಕಿ ಭಾಗ: ‘ಇದು ಯಾವ ನದಿಯ ದಡದಲ್ಲಿದೆಯೋ ಆ ನದಿಯ ಹೆಸರೇ ಇದಕ್ಕೂ ಇದೆ.’ ಚಂದ್ರಗಿರಿ ಕೋಟೆ. ಅದೂ ಶಿವಪ್ಪ ನಾಯಕನದ್ದೇ. ನನಗೆ ಎರಡೂ ಗೊತ್ತಿತ್ತು. ಆದರೆ ಬೇಕಲ್ ದೊಡ್ಡದು, ಪ್ರಸಿದ್ಧ, ಅದೇ ಮೊದಲು ನೆನಪಾಯಿತು. ಅಂದಿನಿಂದ ಒತ್ತುವ ಮೊದಲು ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇಲ್ಲಿಯ ತನಕ ಕೇಳಿದ್ದು ಇನ್ನೊಂದಕ್ಕೂ ಹೊಂದುತ್ತದಾ? ಇದಕ್ಕೆ ಹೆಚ್ಚು ಹೊತ್ತು ಬೇಡ. ಅಭ್ಯಾಸವಾದ ಮೇಲೆ ಅರ್ಧ ಪದದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಓದುವಾಗಲೇ ಜೋಡಿಗಳನ್ನು ಒಟ್ಟಿಗೆ ಬರೆದಿಟ್ಟುಕೊಂಡರೆ ಇನ್ನೂ ಸುಲಭ. ಬೇಕಲ್ ಅಂತ ಬರೆದ ಸಾಲಿನಲ್ಲೇ ಚಂದ್ರಗಿರಿ ಅಂತಲೂ ಬರೆಯಿರಿ.

ಇನ್ನು ಕಿವಿಗೆ ಸಿಗುವ ಇನ್ನೊಂದು ಸುಳಿವು. ನಮ್ಮ ಪ್ರಶ್ನೆ ಪದಗಳು ಹೆಚ್ಚಿನವು ‘ಯಾ’ದಿಂದ ಅಥವಾ ‘ಎ, ಏ’ಯಿಂದ ಶುರುವಾಗುತ್ತವೆ. ಯಾರು, ಯಾವ, ಯಾವಾಗ ಒಂದು ಕಡೆ. ಎಲ್ಲಿ, ಎಷ್ಟು, ಏನು ಇನ್ನೊಂದು ಕಡೆ. ‘ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನಲ್ಲಿ’ ಅಂತ ಓದಿ ಕ್ವಿಝ್ ಮಾಸ್ಟರ್ ಬಾಯಿಂದ ‘ಎ’ ಹೊರಟಿತು ಅಂದರೆ, ಹೆಚ್ಚಾಗಿ ಎಷ್ಟು ನ್ಯಾಯಮೂರ್ತಿಗಳು ಪರ, ಎಷ್ಟು ವಿರುದ್ಧ ಎಂಬ ಲೆಕ್ಕ ಬರುತ್ತದೆ. 7 ಮತ್ತು 6. ‘ಯಾ’ ಹೊರಟರೆ ಯಾರು, ಯಾವಾಗ ಎಂಬ ಬೇರೆ ದಾರಿ. ಒಂದು ಅಕ್ಷರಕ್ಕೆ ಒತ್ತಿದರೂ ಬಾಯಿಗೆ ಬಂದ ಪದವನ್ನು ಹೆಚ್ಚಿನ ಕ್ವಿಝ್ ಮಾಸ್ಟರ್‌ಗಳು ಅರ್ಧಕ್ಕೆ ನುಂಗುವುದಿಲ್ಲ, ಮುಗಿಸಿಬಿಡುತ್ತಾರೆ. ಒತ್ತಿದ ಮೇಲೂ ಅವರ ತುಟಿ ನೋಡುತ್ತಾ ಇರಿ, ಕಣ್ಣನ್ನು ಬಲ್ಬಿನ ಕಡೆ ತಿರುಗಿಸಬೇಡಿ. ಇದು ಮೋಸ ಅಲ್ಲ. ಓದುವವರಿಗೆ ಬೇಡ ಅನಿಸಿದರೆ ಅವರೇ ನಿಲ್ಲಿಸಲಿ.

ಈಗ ಅಣ್ಣನ ಮಾತು. ಅದರಲ್ಲಿ ಅರ್ಧ ನಿಜ ಇದೆ. ‘ಗೊತ್ತು’ ಎಂಬ ಅನಿಸಿಕೆ ಹೆಸರಿಗಿಂತ ಮೊದಲು ಬರುತ್ತದೆ. ಹೆಸರು ನಾಲಗೆಯ ತುದಿಯಲ್ಲಿ ಇರುತ್ತದೆ. ಒತ್ತಿದ ಮೇಲೆ ಉತ್ತರ ಹೇಳಲು ಸಾಮಾನ್ಯವಾಗಿ 5 ಸೆಕೆಂಡು ಕೊಡುತ್ತಾರೆ. ಆ 5 ಸೆಕೆಂಡನ್ನು ಬಳಸದೆ ಬಿಡುವುದು ದಡ್ಡತನ. ಹೆಸರು ಪೂರ್ತಿ ಬಾಯಿಗೆ ಬರುವ ತನಕ ಕಾಯುವವರು ಯಾವಾಗಲೂ ಎರಡನೆಯವರೇ. ಆದರೆ ‘ಗೊತ್ತು’ ಅನ್ನುವುದರಲ್ಲಿ ಎರಡು ಬಗೆ ಇದೆ. ಓದಿದ ಪುಟ, ನೋಡಿದ ಚಿತ್ರ, ಹೆಸರಿನ ಮೊದಲ ಅಕ್ಷರ, ಏನಾದರೊಂದು ಕಣ್ಣ ಮುಂದೆ ಬಂದಿದ್ದರೆ ಹೆಸರು 5 ಸೆಕೆಂಡಿನಲ್ಲಿ ಸಿಕ್ಕೇ ಸಿಗುತ್ತದೆ ಅಂತ ಹೆಚ್ಚುಕಡಿಮೆ ನಂಬಬಹುದು. ‘ಈ ವಿಷಯ ನಾವು ಓದಿದ್ದೇವೆ’ ಎಂಬಷ್ಟೇ ಅನಿಸಿಕೆ ಆದರೆ ಅದು ಉತ್ತರ ಅಲ್ಲ, ಪರಿಚಯ. ಪರಿಚಯಕ್ಕೆ ಒತ್ತಿದವರು 5 ಸೆಕೆಂಡು ಪರಸ್ಪರ ಮುಖ ನೋಡುತ್ತಾ ಕೂರುವುದನ್ನು ನಾನು ವೇದಿಕೆಯ ಮೇಲಿನಿಂದ ಎಷ್ಟೋ ಸಲ ನೋಡಿದ್ದೇನೆ.

ಟೀಚರ್ ಹೇಳುವುದು ಯಾವಾಗ ಸರಿ? ಅದಕ್ಕೆ ಅಂಕದ ಲೆಕ್ಕ ಬೇಕು. ಸರಿಗೆ 10, ತಪ್ಪಿಗೆ 5 ಕಡಿತ ಇದ್ದರೆ, ಮೂರರಲ್ಲಿ ಒಂದು ಸರಿಯಾದರೂ ನಷ್ಟ ಇಲ್ಲ. ನಿಮ್ಮದೇ ಉದಾಹರಣೆ: 6 ಒತ್ತಿದಿರಿ, 2 ಸರಿ. 20 ಬಂತು, 20 ಹೋಯಿತು. ಕಾಗದದ ಮೇಲೆ ಸೊನ್ನೆ. ಹಾಗಾದರೆ ನಷ್ಟ ಎಲ್ಲಿ ಆಯಿತು? ನಿಮ್ಮಿಂದ ತಪ್ಪಿದ ನಾಲ್ಕು ಪ್ರಶ್ನೆ ಬೇರೆಯವರ ಬಟ್ಟಲಿಗೆ ಬಿತ್ತು. ಅವರಿಗೆ ಪೂರ್ತಿ ಪ್ರಶ್ನೆ ಕೇಳಿಸಿತು, ಆತುರವೂ ಇರಲಿಲ್ಲ. ಅದರಲ್ಲಿ ಮೂರನ್ನು ಅವರು ಸರಿ ಹೇಳಿದರೂ 30 ಅಂಕ. ತಪ್ಪಿಗೆ ಕಡಿತವಾದ 5 ಚಿಲ್ಲರೆ ಹಣ. ದೊಡ್ಡ ನೋಟು ಹೋಗುವುದು ಈ ದಾರಿಯಲ್ಲಿ. ಮೊದಲೇ ಒತ್ತಬೇಕಾ ಕಾಯಬೇಕಾ ಎಂಬುದಕ್ಕೆ ಉತ್ತರ ನಿಮ್ಮ ತಲೆಯಲ್ಲಿ ಮಾತ್ರ ಇಲ್ಲ, ಎದುರು ಯಾರು ಕೂತಿದ್ದಾರೆ ಎನ್ನುವುದರಲ್ಲಿಯೂ ಇದೆ.

ಇಬ್ಬರೇ ಪೈಪೋಟಿಯಲ್ಲಿ ಇದ್ದೀರಿ ಅಂದುಕೊಳ್ಳಿ. 10 ಪ್ರಶ್ನೆಗೂ ನೀವೇ ಮೊದಲು ಒತ್ತಿ 6 ಸರಿ, 4 ತಪ್ಪು ಮಾಡಿದರೆ ನಿಮಗೆ 40. ತಪ್ಪಿದ ನಾಲ್ಕರಲ್ಲಿ ಮೂರು ಅವರಿಗೆ, 30. ನೀವು 10 ಅಂಕ ಮುಂದೆ. ಇದೇ 10 ಪ್ರಶ್ನೆಗೆ ಎರಡು ಪದ ಜಾಸ್ತಿ ಕಾದಿರಿ ಅನ್ನಿ. ಎದುರಿನವರು ಚುರುಕಾಗಿದ್ದು 4 ಪ್ರಶ್ನೆಯನ್ನು ಮೊದಲೇ ಹಾರಿಸಿಕೊಂಡು ಹೋದರು. ನಿಮಗೆ ಉಳಿದ 6ರಲ್ಲಿ 5 ಸರಿ, 1 ತಪ್ಪು: 45. ಅವರಿಗೆ 40, ಜೊತೆಗೆ ನೀವು ತಪ್ಪಿದ್ದು ಒಂದು ಸೇರಿ 50. ನೀವು 5 ಅಂಕ ಹಿಂದೆ. ಅದೇ ಎದುರಿನವರು ನಿಧಾನದವರಾಗಿದ್ದು 2 ಮಾತ್ರ ಕಸಿದರೆ? ನಿಮ್ಮ 8ರಲ್ಲಿ 7 ಸರಿ, 1 ತಪ್ಪು: 65. ಅವರಿಗೆ 30. ನೀವು 35 ಮುಂದೆ. ಅಂದರೆ ಚುರುಕಿನವರ ಎದುರು ಬೇಗ ಒತ್ತುವುದು ಲಾಭ. ನಿಧಾನದವರ ಎದುರು ಟೀಚರ್ ಹೇಳಿದ ಹಾಗೆ ಕಾಯುವುದು ಇನ್ನೂ ದೊಡ್ಡ ಲಾಭ. ಎದುರಿನವರು ಯಾವ ಜಾತಿಯವರು ಅಂತ ಮೊದಲ ಎರಡು ಮೂರು ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಅವರು ಒತ್ತಿದಾಗ ಓದು ಎಲ್ಲಿ ನಿಂತಿತು ಅಂತ ಗಮನಿಸಿ. ಪ್ರಶ್ನೆಯ ಅರ್ಧದಲ್ಲೋ, ‘ಯಾರು’ ಅಂದ ಮೇಲೋ?

ತಪ್ಪಿಗೆ 10 ಕಡಿತ ಇದ್ದರೆ ಆಟವೇ ಬೇರೆ. ಆಗ ಎರಡರಲ್ಲಿ ಒಂದು ಸರಿಯಾದರೆ ಮಾತ್ರ ಸಮ. ತಪ್ಪಿದ ಪ್ರಶ್ನೆ ಯಾರಿಗೂ ಹೋಗದೆ ಅಲ್ಲಿಗೇ ಬಿದ್ದುಹೋಗುವ ನಿಯಮ ಇದ್ದರೆ ಇನ್ನಷ್ಟು ಧೈರ್ಯ ಮಾಡಬಹುದು. ಹಾಗಾಗಿ ಸುತ್ತು ಶುರುವಾಗುವ ಮೊದಲು ಕೈ ಎತ್ತಿ ಕೇಳಿ. ನಡುವೆ ಒತ್ತಬಹುದಾ, ಕಡಿತ ಎಷ್ಟು, ತಪ್ಪಿದರೆ ಪ್ರಶ್ನೆ ಮುಂದಕ್ಕೆ ಹೋಗುತ್ತದಾ, ಹೋದರೆ ಬಾಕಿ ಭಾಗ ಓದುತ್ತಾರಾ. ಇದನ್ನು ಕೇಳಿದ್ದಕ್ಕೆ ಯಾವ ಕ್ವಿಝ್ ಮಾಸ್ಟರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅವರೇ ಯೋಚಿಸಿಲ್ಲ ಅಂತ ಅರ್ಥ.

ಮಲಯಾಳದ ತೊಂದರೆ ನಿಜವಾದ್ದು. ಅದನ್ನು ಸುಮ್ನೆ ನುಂಗಿಕೊಳ್ಳಬೇಕಾಗಿಲ್ಲ. ಎರಡು ಭಾಷೆಯಲ್ಲಿ ಓದುವ ಕಡೆ ಎರಡೂ ಓದು ಮುಗಿದ ಮೇಲೆ ಬಝರ್ ತೆರೆಯಬೇಕು, ಇಲ್ಲವೇ ಒಂದು ಪ್ರಶ್ನೆಗೆ ಮಲಯಾಳ ಮೊದಲು, ಮುಂದಿನದಕ್ಕೆ ಕನ್ನಡ ಮೊದಲು ಅಂತ ಅದಲು ಬದಲು ಮಾಡಬೇಕು. ನಾನು ನಡೆಸುವಾಗ ಎರಡನೆಯ ಕ್ರಮ ಇಟ್ಟುಕೊಳ್ಳುತ್ತೇನೆ. ಸ್ಪರ್ಧೆಗೆ ಮೊದಲು ನಿಮ್ಮ ಟೀಚರ್ ಮೂಲಕ ಹೀಗೆ ಕೇಳಿಕೊಳ್ಳಿ. ಸ್ಪರ್ಧೆ ಮುಗಿದ ಮೇಲೆ ದೂರಿದರೆ ಸೋತವರ ಗೊಣಗಾಟ ಅನ್ನುತ್ತಾರೆ.

ಒಪ್ಪದಿದ್ದರೆ, ಮಲಯಾಳದ ಓದಿಗೇ ಒತ್ತಿ ಕನ್ನಡದಲ್ಲಿ ಉತ್ತರ ಹೇಳಬಹುದಾ ಅಂತ ಕೇಳಿ. ಮಲಯಾಳದ ವಾಕ್ಯವೂ ನಮ್ಮದರ ಹಾಗೆ ಬಾಲದಲ್ಲೇ ಕೇಳುತ್ತದೆ. ‘ಆರ್’, ‘ಏದ್’, ‘ಎವಿಡೆ’, ‘ಎತ್ರ’. ಈ ನಾಲ್ಕು ಪದ ನಿಮಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿ ಅಭ್ಯಾಸ ಇದ್ದೇ ಇರುತ್ತದೆ. ತೊಡಕಾಗುವುದು ಬಸ್ಸಿನಲ್ಲಿ ಕೇಳಿಸದ ಪದಗಳಲ್ಲಿ. ಸಂವಿಧಾನಕ್ಕೆ ಅವರು ‘ಭರಣಘಟನ’ ಅನ್ನುತ್ತಾರೆ, ರಾಜಧಾನಿಗೆ ‘ತಲಸ್ಥಾನಂ’. ‘ಅವಸಾನತ್ತೆ’ ಅಂದರೆ ಸತ್ತದ್ದು ಅಲ್ಲ, ಕೊನೆಯದು. ‘ಆದ್ಯತ್ತೆ’ ಅಂದರೆ ಮೊದಲನೆಯದು. ‘ಅವಸಾನತ್ತೆ ವೈಸ್ರಾಯ್’ ಅಂದರೆ ಮೌಂಟ್‌ಬ್ಯಾಟನ್, ‘ಆದ್ಯತ್ತೆ ವೈಸ್ರಾಯ್’ ಅಂದರೆ ಕ್ಯಾನಿಂಗ್. ಒಂದು ಪದದಲ್ಲಿ ಸುಮಾರು 90 ವರ್ಷದ ವ್ಯತ್ಯಾಸ. ಇಂಥ ಪದಗಳನ್ನು ಒಂದು ನಲವತ್ತು ಐವತ್ತು ಬರೆದಿಟ್ಟು ಕಿವಿಗೆ ರೂಢಿ ಮಾಡಿಕೊಂಡರೆ ಎರಡು ಭಾಷೆಯ ಓದು ನಿಮಗೇ ಅನುಕೂಲವಾಗುತ್ತದೆ. ಮಲಯಾಳದ ಮಕ್ಕಳಿಗೆ ಒಂದು ಓದು, ನಿಮಗೆ ಎರಡು.

ಬಝರ್ ಪೆಟ್ಟಿಗೆಯನ್ನೂ ಒಮ್ಮೆ ಪರೀಕ್ಷಿಸಿ. ಒಳ್ಳೆಯ ಪೆಟ್ಟಿಗೆಯಲ್ಲಿ ಮೊದಲು ಒತ್ತಿದವರ ಬಲ್ಬು ಹತ್ತಿದ ಕೂಡಲೇ ಉಳಿದವರ ಗುಂಡಿ ಸತ್ತಿರುತ್ತದೆ. ಶಾಲೆಯಲ್ಲಿ ಕಾಲಿಂಗ್ ಬೆಲ್ ಸ್ವಿಚ್ಚು ಜೋಡಿಸಿ ಮಾಡಿದ್ದರಲ್ಲಿ ಹಾಗಿರುವುದಿಲ್ಲ, ಎರಡು ಬಲ್ಬು ಒಟ್ಟಿಗೆ ಹತ್ತುತ್ತವೆ. ಆಮೇಲೆ ಯಾರು ಮೊದಲು ಅಂತ ಜಗಳ. ಸುತ್ತಿಗೆ ಮೊದಲು ಇಬ್ಬರು ಒಟ್ಟಿಗೆ ಒತ್ತಿ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಗುಂಡಿಯನ್ನು ನಾಲ್ಕು ಸಲ ಮೆಲ್ಲಗೆ, ನಾಲ್ಕು ಸಲ ಜೋರಾಗಿ ಒತ್ತಿ. ಜೋರಾಗಿ ಒತ್ತಿದರೆ ಮಾತ್ರ ಹತ್ತುವುದಾದರೆ ತಂತಿ ಸಡಿಲ ಇರಬಹುದು, ಅಲ್ಲೇ ಹೇಳಿ ಬದಲಾಯಿಸಿಕೊಳ್ಳಿ. ಬೆರಳನ್ನು ಗುಂಡಿಯ ಮೇಲೆಯೇ ತಾಗಿಸಿ ಇಟ್ಟಿರಬೇಕು. ಮೇಲಿನಿಂದ ಗುದ್ದುವವರ ಕೈ ದಾರಿಯಲ್ಲೇ ಸಮಯ ತಿನ್ನುತ್ತದೆ.

ನೀವಿಬ್ಬರಿದ್ದು ಬಝರ್ ಒಂದೇ ಇದ್ದರೆ, ಗೆಳತಿ ಮೊಣಕಾಲು ತಟ್ಟುವುದು, ನೀವು ಒತ್ತುವುದು ಎಂಬ ಏರ್ಪಾಡು ಬೇಡ. ತಟ್ಟುವುದಕ್ಕೆ ಒಂದು ಸಲ, ತಟ್ಟಿದ್ದು ಗೊತ್ತಾಗಿ ಒತ್ತುವುದಕ್ಕೆ ಇನ್ನೊಂದು ಸಲ, ಹೀಗೆ ಎರಡು ಪಟ್ಟು ಹೊತ್ತು ಹೋಗುತ್ತದೆ. ಗುಂಡಿಯನ್ನು ಇಬ್ಬರ ನಡುವೆ ಇಟ್ಟು ಇಬ್ಬರೂ ಒಂದೊಂದು ಬೆರಳು ತಾಗಿಸಿಕೊಳ್ಳಿ. ಯಾರು ಒತ್ತಿದರೋ ಅವರೇ ಉತ್ತರ ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಮನೆಯಲ್ಲಿ ಅಭ್ಯಾಸಕ್ಕೆ ಬಝರ್ ಬೇಡ, ಒಂದು ನೋಟ್ ಪುಸ್ತಕ ಸಾಕು. ಅಣ್ಣ ಪ್ರಶ್ನೆ ಓದಲಿ. ನಿಮಗೆ ಒತ್ತಬೇಕು ಅನಿಸಿದಲ್ಲಿ ಮೇಜು ತಟ್ಟಿ. ಅವನು ಅಲ್ಲಿ ಒಂದು ಗೆರೆ ಎಳೆಯಲಿ. ಉತ್ತರ ಹೇಳಿ, ಸರಿಯೋ ತಪ್ಪೋ ಬರೆಯಿರಿ. ಆಮೇಲೆ ಪೂರ್ತಿ ಪ್ರಶ್ನೆ ಓದಿ, ಅದು ನಿಜವಾಗಿ ತಿರುಗಿದ ಪದಕ್ಕೆ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಯ ನಡುವೆ ಎಷ್ಟು ಪದ ಇದೆ ಅಂತ ಎಣಿಸಿ. 50 ಪ್ರಶ್ನೆ ಆದ ಮೇಲೆ ನೋಡಿದರೆ ನಿಮ್ಮ ರೋಗ ನಿಮಗೇ ಕಾಣುತ್ತದೆ. ನಿಮ್ಮ ಗೆರೆ ಯಾವಾಗಲೂ ತಿರುವಿನ ನಂತರ ಇದ್ದರೆ ನೀವು ಕಾಯುತ್ತಿದ್ದೀರಿ. ತಿರುವಿಗಿಂತ ನಾಲ್ಕೈದು ಪದ ಮೊದಲೇ ಇದ್ದು, ಅದರಲ್ಲಿ ಅರ್ಧದಷ್ಟು ತಪ್ಪಾಗುತ್ತಿದ್ದರೆ ನೀವು ಹಾರುತ್ತಿದ್ದೀರಿ. ನೀವು ಮತ್ತು ಗೆಳತಿ ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಒಬ್ಬರು ಕಾಯುವವರು, ಒಬ್ಬರು ಹಾರುವವರು ಆಗಿರುವುದು ತುಂಬ ಸಾಮಾನ್ಯ.

ಕೊನೆಯ ಪ್ರಶ್ನೆಗೆ ಮಾತ್ರ ಇದೆಲ್ಲ ಬೇಡ, ಬರಿ ಲೆಕ್ಕ ಸಾಕು. ಎರಡನೇ ಸ್ಥಾನದವರಿಗಿಂತ ನೀವು 15 ಅಂಕ ಮುಂದಿದ್ದೀರಿ, ಬಾಕಿ ಇರುವುದು ಒಂದೇ ಪ್ರಶ್ನೆ ಅನ್ನಿ. ನೀವು ಒತ್ತದಿದ್ದರೆ ಅವರು ಸರಿ ಹೇಳಿದರೂ ನೀವು 5 ಮುಂದೆ. ನೀವು ಒತ್ತಿ ತಪ್ಪಿದರೆ 10ಕ್ಕೆ ಇಳಿಯುತ್ತೀರಿ, ಪ್ರಶ್ನೆ ಅವರಿಗೆ ಹೋಗಿ ಸರಿಯಾದರೆ ಸಮ ಸಮ, ಟೈ ಬ್ರೇಕರ್. ಉತ್ತರ ನೂರಕ್ಕೆ ನೂರು ಗೊತ್ತಿದ್ದರೂ ಒತ್ತಿ ಸಿಗುವುದು ಏನೂ ಇಲ್ಲ. ಕೈಯನ್ನು ಗುಂಡಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳಿ. ಗೆಳತಿಯ ಕೈಯನ್ನೂ.